ಡಿ ಎಡಕ್ಕೋ, ಬಲಕ್ಕೋ

ಫಲಿತಾಂಶ ಬಂದ ಮರುದಿನ ಮುಂಜಾನೆ ಸಾವಂತ್ರವ್ವ ಹಾನಗಲ್ಲಿನ ಪರಮೇಶಪ್ಪನ ಮನೆ ಬಾಗಿಲಿಗೆ ಬಂದಾಗ ಅವನು ಇನ್ನೂ ಚಹಾ ಕುಡಿದಿರಲಿಲ್ಲ. ಅಬಲೂರಿನಿಂದ ಮೊದಲನೆಯ ಬಸ್ಸು ಹಿಡಿದು, ಹಿರೇಕೆರೂರಿನಲ್ಲಿ ಇನ್ನೊಂದು ಬಸ್ಸು ಹತ್ತಿ ಬಂದಿದ್ದಳು. ಮಳೆಗೆ ಸೀರೆಯ ಅಂಚು ತೊಯ್ದಿತ್ತು. ಅಳುತ್ತ ಬಂದಿರಬಹುದೆಂದು ಪರಮೇಶಪ್ಪ ಅವಳ ಮುಖ ನೋಡಿದ. ಅತ್ತ ಗುರುತು ಇರಲಿಲ್ಲ. ಡೇಟಾ ಸ್ಟ್ರಕ್ಚರ್ಸ್ ಎಂಬ ಒಂದೇ ವಿಷಯದಲ್ಲಿ ಅವಳು ನಪಾಸಾಗಿದ್ದಾಳೆಂದು ಅವನಿಗೆ ನಿನ್ನೆಯೇ ಗೊತ್ತಾಗಿತ್ತು. ಅದು ಅವನೇ ಕಲಿಸಿದ ವಿಷಯ.

ಅದು ಎಂಬತ್ತೆಂಟನೇ ಇಸವಿ. ಹಾನಗಲ್ಲಿನ ಆ ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಶುರುವಾಗಿ ನಾಲ್ಕು ವರ್ಷವೂ ಆಗಿರಲಿಲ್ಲ. ಒಂದು ಕೋಣೆಯಲ್ಲಿ ಎರಡು ಯಂತ್ರಗಳಿದ್ದವು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಪರಮೇಶಪ್ಪ ತಿಳವಳ್ಳಿಯವನು. ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಮಾಡಿ, ಒಂದು ಬೇಸಿಗೆ ಬೆಂಗಳೂರಿನಲ್ಲಿ ತರಬೇತಿ ಪಡೆದು ಬಂದು ಈ ವಿಷಯ ಕಲಿಸುತ್ತಿದ್ದ. ಅವನ ನೌಕರಿ ಕಾಯಂ ಆಗುವ ಮಾತು ಆ ಮಳೆಗಾಲದಲ್ಲಿ ಆಡಳಿತ ಮಂಡಳಿಯ ಮುಂದೆ ಇತ್ತು.

ಅವನು ಅವಳನ್ನು ಒಳಗೆ ಕರೆದು ಕೂರಿಸಿದ. ಸಮಾಧಾನದ ನಾಲ್ಕು ಮಾತು ಹೇಳಬೇಕೆಂದು ಬಾಯಿ ತೆರೆದ. ಅವಳು ಅದಕ್ಕೆ ಬಂದಿರಲಿಲ್ಲ.

"ಸರ್, ಒಂದ ಕೇಳೂದೈತ್ರಿ. ಆರನೇ ಪ್ರಶ್ನಿಯೊಳಗ ಬಿ ಕೆಳಗ ಡಿ ಎಡಕ್ಕ ಬರ್ತೈತೋ, ಬಲಕ್ಕೋ?"

ಪ್ರಶ್ನೆ ಪರಮೇಶಪ್ಪನಿಗೆ ಬಾಯಿಪಾಠವಿತ್ತು. ಒಂದು ಗಿಡವನ್ನು ಸುತ್ತುವ ಎರಡು ಸಾಲು ಕೊಟ್ಟು, ಗಿಡ ಬರೆದು ಮೂರನೆಯ ಸಾಲು ತಿಳಿಸಿರಿ ಎಂದು ಅದರಲ್ಲಿ ಕೇಳಿತ್ತು. ಈ ವಿಷಯದಲ್ಲಿ ಗಿಡವೆಂದರೆ ತಲೆಕೆಳಗಾದ ಗಿಡ, ಬೇರು ಮೇಲೆ, ಟೊಂಗೆ ಕೆಳಗೆ. ಟೊಂಗೆ ಕವಲೊಡೆಯುವ ಗಂಟುಗಳಿಗೆ ಎ, ಬಿ, ಸಿ ಎಂದು ಹೆಸರು. ಪ್ರತಿಯೊಂದು ಗಂಟಿಗೆ ಹೆಚ್ಚೆಂದರೆ ಇಬ್ಬರು ಮಕ್ಕಳು, ಒಂದು ಎಡಕ್ಕೆ, ಒಂದು ಬಲಕ್ಕೆ. ತಾಯಿಯ ಹೆಸರು ಮೊದಲು ಹೇಳಿ, ಆಮೇಲೆ ಎಡದ ಕಡೆಯವರನ್ನೆಲ್ಲ, ಆಮೇಲೆ ಬಲದ ಕಡೆಯವರನ್ನೆಲ್ಲ ಹೇಳುತ್ತ ಹೋದರೆ ಅದು ಪ್ರೀಆರ್ಡರ್. ಎಡದವರಾದ ಮೇಲೆ ತಾಯಿ, ಕೊನೆಗೆ ಬಲದವರು ಎಂದರೆ ಇನಾರ್ಡರ್. ಎರಡೂ ಕಡೆ ಮುಗಿಸಿ ಕೊನೆಗೆ ತಾಯಿ ಎಂದರೆ ಪೋಸ್ಟಾರ್ಡರ್. ಪ್ರಶ್ನೆಯಲ್ಲಿ ಪ್ರೀಆರ್ಡರ್ ಎ ಬಿ ಡಿ ಸಿ ಇ ಎಫ್ ಎಂದೂ ಪೋಸ್ಟಾರ್ಡರ್ ಡಿ ಬಿ ಇ ಎಫ್ ಸಿ ಎ ಎಂದೂ ಇತ್ತು. ಇನಾರ್ಡರ್ ಬರೆಯಬೇಕಿತ್ತು.

"ಎಡಕ್ಕ," ಅಂದ ಪರಮೇಶಪ್ಪ.

"ಯಾಕ್ರಿ?"

ಹೇಳಲು ಹೊರಟವನು ನಿಂತ. ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಅದರ ಬೆನ್ನಿಗೆ ಎ ಬರೆದ, ಎಡಕ್ಕೆ ಬಿ, ಬಲಕ್ಕೆ ಸಿ ಬರೆದ. ಸಿ ಕೆಳಗೆ ಎಡಕ್ಕೆ ಇ, ಬಲಕ್ಕೆ ಎಫ್ ಬಂದವು. ಅಲ್ಲಿಯವರೆಗೆ ಸಾಲುಗಳೇ ದಾರಿ ತೋರಿಸಿದವು. ಬಿ ಕೆಳಗೆ ಡಿ ಬರೆಯಲು ಪೆನ್ನು ಎಡಕ್ಕೆ ಹೋಯಿತು. ಹೋಗಿ ಅಲ್ಲೇ ನಿಂತಿತು. ಡಿ ಎಡಕ್ಕಿದ್ದರೂ ಪ್ರೀಆರ್ಡರಿನಲ್ಲಿ ಬಿ ಆದ ಮೇಲೆ ಡಿ. ಬಲಕ್ಕಿದ್ದರೂ ಬಿ ಆದ ಮೇಲೆ ಡಿ. ಪೋಸ್ಟಾರ್ಡರಿನಲ್ಲಿ ಎಡಕ್ಕಿದ್ದರೂ ಡಿ ಆದ ಮೇಲೆ ಬಿ, ಬಲಕ್ಕಿದ್ದರೂ ಅಷ್ಟೇ. ಒಂದೇ ಮಗುವಿದ್ದ ಗಂಟಿನ ಕೆಳಗೆ ಆ ಮಗು ಯಾವ ಮಗ್ಗುಲಿಗಿದೆ ಎನ್ನುವುದನ್ನು ಈ ಎರಡು ಸಾಲುಗಳು ಹೇಳುವುದೇ ಇಲ್ಲ. ಇನಾರ್ಡರ್ ಮಾತ್ರ ಹೇಳುತ್ತದೆ. ಎಡಕ್ಕಿದ್ದರೆ ಡಿ ಬಿ ಎ ಇ ಸಿ ಎಫ್, ಬಲಕ್ಕಿದ್ದರೆ ಬಿ ಡಿ ಎ ಇ ಸಿ ಎಫ್. ಕೇಳಿದ್ದೇ ಅದನ್ನು.

ಸಾವಂತ್ರವ್ವ ಅವನ ಕೈ ನೋಡುತ್ತ ಕುಳಿತಿದ್ದಳು. ಪರೀಕ್ಷೆಯಲ್ಲಿ ತಾನು ಡಿಯನ್ನು ಬಲಕ್ಕೆ ಬರೆದೆನೆಂದಳು. ಮೊದಲು ಎಡಕ್ಕೆ ಬರೆದು, ಹೊಡೆದು ಹಾಕಿ, ಬಲಕ್ಕೆ ಬರೆದು, ಮತ್ತೆ ಎಡಕ್ಕೆ ಬರೆದು ನೋಡಿದ್ದಳಂತೆ. ಯಾವುದನ್ನು ಹಿಡಿದರೂ ಕೊಟ್ಟ ಸಾಲುಗಳು ಸರಿಯಾಗಿಯೇ ಬರುತ್ತಿದ್ದವು. ತನಗೇ ಎಲ್ಲೋ ತಿಳಿಯುತ್ತಿಲ್ಲ ಎಂದು ಅರ್ಧ ತಾಸಿನ ಮೇಲೆ ಅದರಲ್ಲೇ ಕಳೆದಿದ್ದಳು. ಕೊನೆಯ ಪ್ರಶ್ನೆ, ಒಂದರೊಳಗೊಂದು ಎರಡು ಲೂಪು ಇದ್ದ ಕ್ರಮವಿಧಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದು, ಬರೆಯುವುದೇ ಆಗಲಿಲ್ಲ.

"ಅದು ನನಗ ಗೊತ್ತಿತ್ರಿ. ಒಳಗಿನ ಲೂಪು ಕಡಿಮಿ ಆಕ್ಕೋತ ಹೋದ್ರೂ ಕೂಡಿಸಿದ್ರ ಎನ್ ವರ್ಗದ ಮಟ್ಟಕ್ಕ ಬರ್ತೈತಿ ಅಂತ ನೀವ ಹೇಳಿದ್ರಿ. ಬರಿಯಾಕ ಹೊತ್ತು ಸಾಲಲಿಲ್ಲ."

ಹಿರೇಕೆರೂರಿನ ಹೊಸ ತರಬೇತಿ ಕೇಂದ್ರದಲ್ಲಿ ಇನ್‌ಸ್ಟ್ರಕ್ಟರ್ ಜಾಗಕ್ಕೆ ಅವಳನ್ನು ಆರಿಸಿದ್ದರು. ಪಾಸಾದ ಮಾರ್ಕ್ಸ್ ಕಾರ್ಡು ತೋರಿಸಿದರೆ ಸಾಕು, ಆಗಸ್ಟಿನಲ್ಲಿ ಸೇರಬೇಕಿತ್ತು. ಪಾಸಿಗೆ ನಾಲ್ಕೈದು ಅಂಕ ಕಡಿಮೆ ಬಿದ್ದಿದ್ದವು. ಆ ಒಂದು ಪ್ರಶ್ನೆಗೆ ಹತ್ತು ಅಂಕ.

ನೋಡಿ ಹೇಳುತ್ತೇನೆ, ಎರಡು ದಿನ ಬಿಡು ಎಂದು ಪರಮೇಶಪ್ಪ ಅವಳನ್ನು ಕಳಿಸಿದ. ಎರಡೂ ಸರಿ ಎಂದು ಹೇಳಲಿಲ್ಲ. ಹೇಳಿದರೆ ಮುಂದಿನ ಮಾತು, ಇಂಥ ಪ್ರಶ್ನೆ ತೆಗೆದವರು ಯಾರು ಎನ್ನುವುದು. ಆ ಪ್ರಶ್ನೆ ತೆಗೆದವನು ಅವನೇ.

ಚಳಿಗಾಲದಲ್ಲಿ ಪರೀಕ್ಷಾ ಕಚೇರಿಯಿಂದ ಅವನಿಗೆ ಗುಪ್ತವಾಗಿ ಕರೆ ಬಂದಿತ್ತು. ಪ್ರಶ್ನಪತ್ರಿಕೆಯನ್ನೂ, ಮೌಲ್ಯಮಾಪಕರು ಹಿಡಿಯಬೇಕಾದ ಮಾದರಿ ಉತ್ತರವನ್ನೂ ಅವನೇ ಸಿದ್ಧಮಾಡಬೇಕು, ಯಾರಿಗೂ ತಿಳಿಸಬಾರದು. ಇಡೀ ರಾಜ್ಯದ ಹುಡುಗರು ತನ್ನ ಪ್ರಶ್ನೆ ಬಿಡಿಸುತ್ತಾರೆಂಬ ಹೆಮ್ಮೆ ಅವನನ್ನು ಒಂದು ವಾರ ನೆಲದ ಮೇಲೆ ನಿಲ್ಲಗೊಡಲಿಲ್ಲ. ಸಹೋದ್ಯೋಗಿಗಳ ಕಣ್ಣು ತಪ್ಪಿಸಲೆಂದು ಸವಣೂರಿಗೆ, ಹೆಂಡತಿಯ ತವರಿಗೆ ಹೋಗಿ ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬರೆದಿದ್ದ. ಪ್ರೀಆರ್ಡರ್ ಜೊತೆ ಇನಾರ್ಡರ್ ಕೊಡುವುದು ಎಲ್ಲರೂ ಮಾಡುವ ಕೆಲಸ, ಹುಡುಗರಿಗೆ ಅದು ಬಾಯಿಪಾಠ. ಹೊಸದಿರಲಿ ಎಂದು ಇನಾರ್ಡರ್ ತೆಗೆದು ಪೋಸ್ಟಾರ್ಡರ್ ಇಟ್ಟಿದ್ದ. ಮೊದಲು ಗಿಡ ಬರೆದು, ಅದನ್ನು ನೋಡಿ ಸಾಲು ಇಳಿಸಿದ್ದ. ಗಿಡ ಕಣ್ಣ ಮುಂದಿದ್ದವನಿಗೆ ಇನ್ನೊಂದು ಗಿಡ ಹೊಳೆಯಲಿಲ್ಲ. ಪರೀಕ್ಷೆಯ ದಿನ ಮೇಲ್ವಿಚಾರಣೆಗೆ ನಿಂತಾಗ, ಹಂಚಿದ ಪತ್ರಿಕೆಯಲ್ಲಿ ತನ್ನದೇ ಅಕ್ಷರಗಳು ಅಚ್ಚಾಗಿ ಬಂದದ್ದನ್ನು ನೋಡಿ ಬೆಂಚುಗಳ ನಡುವೆ ಎರಡು ಸುತ್ತು ಹೆಚ್ಚಿಗೇ ತಿರುಗಿದ್ದ. ಆಗ ಸಾವಂತ್ರವ್ವ ಬರೆದು ಬರೆದು ಹೊಡೆದು ಹಾಕುತ್ತಿದ್ದಳು. ಅದನ್ನು ಅವನು ನೋಡಿದ್ದ. ಓದಿಲ್ಲ ಎಂದುಕೊಂಡಿದ್ದ.

ಅವನ ತರಗತಿಯ ಉಳಿದವರೆಲ್ಲ ಆ ಪ್ರಶ್ನೆಯಲ್ಲಿ ಎಡವದೆ ಪಾಸಾಗಿದ್ದಕ್ಕೂ ಕಾರಣವಿತ್ತು. ಬೋರ್ಡಿನ ಮೇಲೆ ಒಂಟಿ ಮಗುವನ್ನು ಅವನು ಯಾವಾಗಲೂ ಎಡಕ್ಕೇ ಬರೆಯುತ್ತಿದ್ದ. ಅವರೂ ಎಡಕ್ಕೆ ಬರೆದು ಮುಂದೆ ಹೋಗಿದ್ದರು. ತಡೆದು ಯಾಕೆ ಎಂದು ಕೇಳಿಕೊಂಡವಳು ಒಬ್ಬಳೇ. ಬೇರೆ ಊರಿನ, ಬೇರೆ ಮಾಸ್ತರರ ಕೈಕೆಳಗೆ ಕಲಿತ ಹುಡುಗರು ಏನು ಮಾಡಿರಬಹುದು ಎಂದು ಯೋಚಿಸತೊಡಗಿದಾಗ ಅವನಿಗೆ ಊಟ ಸೇರಲಿಲ್ಲ.

ಎರಡು ದಿನ ಕಳೆದವು. ಪರಮೇಶಪ್ಪ ಕಾಲೇಜಿಗೆ ಹೋದ, ಬಂದ. ತರಗತಿಯಲ್ಲಿ ಸೀಮೆಸುಣ್ಣ ಹಿಡಿದು ಅರ್ಧ ವಾಕ್ಯಕ್ಕೆ ನಿಂತುಬಿಡುತ್ತಿದ್ದ. ಮನೆಯಲ್ಲಿ ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ ತಿರುಗುತ್ತಿದ್ದ. ಹೆಂಡತಿ ಗುತ್ತೆವ್ವ ಹೊಟ್ಟೆನೋವೇನು ಎಂದು ಕೇಳಿದಳು. ಸವಣೂರಿನ ಕೋಣೆಯ ಬಾಗಿಲು ಯಾಕೆ ಹಾಕಿತ್ತೆಂದು ಅವಳೊಬ್ಬಳಿಗೆ ಗೊತ್ತಿತ್ತು. ಅವಳಿಗೆ ಎಲ್ಲ ಹೇಳಿದ. ಅವಳು ಅಕ್ಕಿ ಆರಿಸುತ್ತಲೇ ಕೇಳಿದಳು. ನೀವು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ, ಮುಂದಿನ ತಿಂಗಳು ನೌಕರಿ ಕಾಯಂ ಆಗುತ್ತದೆ, ಆ ಹುಡುಗಿ ಅಕ್ಟೋಬರದಲ್ಲಿ ಮತ್ತೆ ಬರೆದು ಪಾಸಾಗುತ್ತಾಳೆ ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವನು ಹೌದೆಂದ. ಹೌದೆಂದವನು ಮತ್ತೆ ಎದ್ದು ಹಿತ್ತಲಿಗೆ ಹೋದ.

ಸಾವಂತ್ರವ್ವ ಎರಡು ದಿನ ಬಿಟ್ಟು ಬರಲಿಲ್ಲ. ಬಂದಿದ್ದರೆ ಏನು ಹೇಳುತ್ತಿದ್ದನೋ. ಅವಳು ಬಾರದ್ದು ಅವನಿಗೆ ಇನ್ನಷ್ಟು ಕಷ್ಟವಾಯಿತು. ರವಿವಾರ ಅವನು ಶಿಗ್ಗಾವಿಯ ಬಸ್ಸು ಹತ್ತಿದ.

ಶಿಗ್ಗಾವಿಯಲ್ಲಿ ಖಲಂದರ ಇದ್ದ. ಧಾರವಾಡದಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದು ಓದಿದವರು. ಈಗ ಖಲಂದರ ದಿನಾ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಒಂದು ಪಾಲಿಟೆಕ್ನಿಕ್ಕಿನಲ್ಲಿ ಇದೇ ವಿಷಯ ಕಲಿಸುತ್ತಿದ್ದ. ಈ ಸಲದ ಉತ್ತರಪತ್ರಿಕೆ ತಿದ್ದಲು ಅವನೂ ಹೋಗಿದ್ದನೆಂದು ಪರಮೇಶಪ್ಪನಿಗೆ ಗೊತ್ತಿತ್ತು. ಮನೆಯ ಮುಂದೆ ಸೈಕಲ್ಲು ತಿರುಗಿಸಿಟ್ಟು ಚೈನಿಗೆ ಎಣ್ಣೆ ಬಿಡುತ್ತಿದ್ದವನು ಗೆಳೆಯನನ್ನು ಕಂಡು ಎಣ್ಣೆ ಕೈಯಲ್ಲೇ ಎದ್ದ. ಚಹಾ ಬಂತು, ಮಕ್ಕಳ ಮಾತಾಯಿತು. ಪರಮೇಶಪ್ಪ ತಡೆಯಲಾರದೆ ಆರನೇ ಪ್ರಶ್ನೆಯ ಮಾತು ತೆಗೆದ. ಬಲಕ್ಕೆ ಬರೆದವರಿಗೆ ಏನು ಮಾಡಿದಿ ಎಂದು ಕೇಳಿದ.

ಖಲಂದರನ ಮುಖ ಸಪ್ಪಗಾಯಿತು. ತನ್ನ ಕೈಗೆ ಬಂದ ಕಟ್ಟುಗಳಲ್ಲಿ ಅಂಥವು ಬಹಳ ಇದ್ದವೆಂದ. ಮೊದಲನೆಯದು ಬಂದಾಗಲೇ ಅನುಮಾನ ಬಂದು ತಾನೇ ಬಿಡಿಸಿ ನೋಡಿದ್ದ. ಎರಡೂ ಸರಿ ಎಂದು ಕಂಡಿತ್ತು. ಮೌಲ್ಯಮಾಪನದ ಮುಖ್ಯಸ್ಥರನ್ನು ಕೇಳಿದರೆ, ಮಾದರಿ ಉತ್ತರದಲ್ಲಿ ಇದ್ದದ್ದಕ್ಕೆ ಅಂಕ, ಇಲ್ಲದ್ದಕ್ಕೆ ಸೊನ್ನೆ, ಬೇಗ ಮುಗಿಸಿರಿ ಎಂದಿದ್ದರು. ಮುಗಿಸಿದ್ದ.

"ಆ ಪೇಪರ್ ತಗದಾಂವ ಯಾವ ದಡ್ಡ ಇದ್ನೋ ಏನೋ," ಅಂದ ಖಲಂದರ. "ಅವನಿಂದಾಗಿ ನನ್ನ ಕೈಲೆ ಸೊನ್ನಿ ಹಾಕಿಸಿದ್ರು."

ಪರಮೇಶಪ್ಪ ಕಪ್ಪು ಕೆಳಗಿಟ್ಟ.

"ನಾನ ತಗದೇನಿ ಅದನ್ನ."

ಖಲಂದರ ಎಣ್ಣೆಯ ಬಟ್ಟೆ ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿಕೊಂಡ. ಆಮೇಲೆ ಪರಮೇಶಪ್ಪನನ್ನು ಬೈಯಲೂ ಇಲ್ಲ, ಹೋಗಲಿ ಬಿಡು ಎಂದೂ ಅನ್ನಲಿಲ್ಲ. ಏನು ಮಾಡಬೇಕೆಂದಿರುವಿ ಎಂದು ಕೇಳಿದ. ಬೆಂಗಳೂರಿಗೆ ಹೋಗಿ ಹೇಳಬೇಕೆಂದಿರುವೆ, ನೀನೂ ಬಂದರೆ ತಿದ್ದಿದವನ ಮಾತಿಗೆ ತೂಕ ಬರುತ್ತದೆ ಎಂದ ಪರಮೇಶಪ್ಪ. ಖಲಂದರ ತಲೆ ಅಲ್ಲಾಡಿಸಿದ. ಅವನ ತಂಗಿಯ ಮದುವೆ ಗೊತ್ತಾಗಿತ್ತು, ದುಡ್ಡು ಬೇಕಿತ್ತು, ಮುಖ್ಯಸ್ಥರ ವಿರುದ್ಧ ನಿಂತವನೆಂದು ಹೆಸರಾದರೆ ಮುಂದೆ ತಿದ್ದುವ ಕೆಲಸಕ್ಕೆ ಯಾರೂ ಕರೆಯುವುದಿಲ್ಲವೆಂದ. ಆದರೆ ಬಸ್‌ ಸ್ಟ್ಯಾಂಡಿನವರೆಗೂ ನಡೆದು ಬಂದ. ಬಸ್ಸು ಹೊರಡುವಾಗ ಕಿಟಕಿಗೆ ಬಂದು, ತನ್ನ ಹೆಸರು ಹೇಳುವುದಾದರೆ ಹೇಳು, ಯಾರಾದರೂ ಕೇಳಿದರೆ ಇಲ್ಲವೆನ್ನುವುದಿಲ್ಲ ಎಂದ.

ಪರಮೇಶಪ್ಪ ಹಾನಗಲ್ಲಿಗೆ ಬಂದವನು ಮರುದಿನ ಸಂಜೆ ಹಾವೇರಿಗೆ ಹೋಗಿ ರೈಲು ಹತ್ತಿದ. ಗುತ್ತೆವ್ವ ಬುತ್ತಿ ಕಟ್ಟಿಕೊಟ್ಟಳು.

ಪರೀಕ್ಷಾ ಕಚೇರಿಯಲ್ಲಿ ಅವನನ್ನು ಮೊದಲು ಒಂದು ಮೇಜಿನಿಂದ ಇನ್ನೊಂದಕ್ಕೆ ಕಳಿಸಿದರು. ಪ್ರಶ್ನಪತ್ರಿಕೆ ತೆಗೆದವನು ತಾನೇ ಬಂದು ನಿಂತದ್ದು ಯಾರಿಗೂ ಹಿಡಿಸಲಿಲ್ಲ. ಹೆಸರು ಹೊರಗೆ ಬರುವುದೇ ನಿಯಮಕ್ಕೆ ವಿರುದ್ಧ ಎಂದು ಒಬ್ಬ ಗುಮಾಸ್ತ ದನಿ ತಗ್ಗಿಸಿ ಹೇಳಿದ. ಮಧ್ಯಾಹ್ನ ಒಬ್ಬ ಅಧಿಕಾರಿ ಒಳಗೆ ಕರೆದರು. ಕನ್ನಡಕದ, ಮೆತ್ತಗೆ ಮಾತಾಡುವ ಮನುಷ್ಯ. ಮೂಲತಃ ಸಿವಿಲ್ ಎಂಜಿನಿಯರು. ಕೇಳಿಕೊಂಡು, ಫಲಿತಾಂಶ ಆಗಿಹೋಗಿದೆ, ಒಂದು ವಿಷಯದ್ದನ್ನು ಮತ್ತೆ ತೆರೆದರೆ ನಾಳೆ ಎಲ್ಲ ವಿಷಯದವರೂ ಬಂದು ನಿಲ್ಲುತ್ತಾರೆ ಎಂದರು. ಒಬ್ಬ ಹುಡುಗಿ ನಪಾಸಾಗಿದ್ದಕ್ಕೆ ಇಷ್ಟು ದೂರ ಬಂದಿರಾ, ಅವಳು ನಿಮಗೆ ಏನಾಗಬೇಕು ಎಂದೂ ಕೇಳಿದರು. ಏನೂ ಆಗಬೇಕಾಗಿಲ್ಲ, ನನ್ನ ವಿದ್ಯಾರ್ಥಿ ಎಂದ ಪರಮೇಶಪ್ಪ. ಆ ಮಾತಿಗೆ ಅವರ ಮುಖ ಇನ್ನೂ ಬಿಗಿಯಾಯಿತು. ತನ್ನ ಹುಡುಗಿಗಾಗಿ ಬಂದವನು ಎಂದಾಯಿತು.

ಆಗ ಪರಮೇಶಪ್ಪ ಎದ್ದು ಮೇಜಿನ ಮೇಲಿದ್ದ ಖಾಲಿ ಹಾಳೆ ಕೇಳಿದ. ಎರಡು ಗಿಡ ಬಿಡಿಸಿದ. ಡಿ ಎಡಕ್ಕಿದ್ದದ್ದು ಒಂದು, ಬಲಕ್ಕಿದ್ದದ್ದು ಒಂದು. ಅಧಿಕಾರಿಯ ಕೈಗೇ ಪೆನ್ನು ಕೊಟ್ಟು, ತಾಯಿ ಮೊದಲು, ಆಮೇಲೆ ಎಡ, ಆಮೇಲೆ ಬಲ ಎಂದು ನೀವೇ ಓದಿಕೊಂಡು ಬರೆಯಿರಿ ಎಂದ. ಅವರು ಒಲ್ಲದ ಮನಸ್ಸಿನಿಂದ ಬರೆದರು. ಎರಡೂ ಗಿಡಕ್ಕೆ ಎ ಬಿ ಡಿ ಸಿ ಇ ಎಫ್ ಬಂತು. ಮಕ್ಕಳು ಮೊದಲು, ತಾಯಿ ಕೊನೆಗೆ ಎಂದ. ಎರಡಕ್ಕೂ ಡಿ ಬಿ ಇ ಎಫ್ ಸಿ ಎ. ಇನ್ನು ಎಡ, ತಾಯಿ, ಬಲ ಎಂದ. ಒಂದು ಡಿಯಿಂದ ಶುರುವಾಯಿತು, ಇನ್ನೊಂದು ಬಿಯಿಂದ. ಅಧಿಕಾರಿ ಎರಡು ಸಾಲುಗಳನ್ನು ಮತ್ತೊಮ್ಮೆ ತಾವೇ ಬರೆದು ನೋಡಿದರು.

"ನನ್ನ ಹುಡುಗಿ ಒಬ್ಬಾಕಿದಲ್ರಿ ಇದು," ಅಂದ ಪರಮೇಶಪ್ಪ. "ನನ್ನ ಕಡೆ ಕಲಿತ ಉಳಿದವ್ರೆಲ್ಲಾ ಪಾಸಾಗ್ಯಾರ, ನನ್ನ ರೂಢಿ ಗೊತ್ತಿತ್ತಂತ. ಗೊತ್ತಿಲ್ಲದವ್ರು ರಾಜ್ಯದಾಗ ಎಷ್ಟ ಮಂದಿ ಅದಾರೋ, ನನಗ ಅವರ ಹೆಸರೂ ಗೊತ್ತಿಲ್ಲ."

ಅಧಿಕಾರಿ ಹೊರಗೆ ಕೂತಿರಲು ಹೇಳಿದರು. ಊರಿನ ಒಂದು ಎಂಜಿನಿಯರಿಂಗ್ ಕಾಲೇಜಿನಿಂದ ಪ್ರಾಧ್ಯಾಪಕರೊಬ್ಬರನ್ನು ಕರೆಸುತ್ತೇವೆಂದರು. ಪರಮೇಶಪ್ಪನಿಗೆ ಕೂರಲಾಗಲಿಲ್ಲ. ಕಾರಿಡಾರಿನ ಒಂದು ತುದಿಯ ಕಿಟಕಿಯಿಂದ ಇನ್ನೊಂದು ತುದಿಯ ನೀರಿನ ನಲ್ಲಿಯವರೆಗೆ ನಡೆದ. ತಿರುಗಿ ನಡೆದ. ಬುತ್ತಿ ಬಿಚ್ಚಿ ಎರಡು ತುತ್ತು ರೊಟ್ಟಿ ತಿಂದು ಕಟ್ಟಿಟ್ಟ. ಈಗಲೂ ಎದ್ದು ಹೋಗಬಹುದು, ಹಾಳೆ ಅವರ ಬಳಿ ಇದ್ದರೂ ರಗಳೆಗೆ ಯಾರು ಹೋಗುತ್ತಾರೆ ಎಂದು ಒಮ್ಮೆ ಅನಿಸಿತು. ಎರಡು ಸಲ ಮೆಟ್ಟಿಲಿನವರೆಗೂ ಹೋಗಿಬಂದ. ಸಂಜೆಗೆ ಪ್ರಾಧ್ಯಾಪಕರು ಬಂದರು. ಪ್ರಶ್ನೆ ಓದುತ್ತಿದ್ದಂತೆಯೇ ನಕ್ಕರು. ಎಲ್ಲ ಗಂಟುಗಳಿಗೂ ಇಬ್ಬರು ಮಕ್ಕಳಿದ್ದಾರೆ, ಇಲ್ಲವೇ ಮಕ್ಕಳೇ ಇಲ್ಲ ಎಂದು ಹೇಳಿದ್ದರೆ ಮಾತ್ರ ಈ ಎರಡು ಸಾಲಿನಿಂದ ಗಿಡ ಒಂದೇ ಆಗುತ್ತಿತ್ತು, ಇಲ್ಲಿ ಬಿಗೆ ಒಂದೇ ಮಗು ಎಂದರು. ತೆಗೆದವನು ಎದುರಿಗೇ ನಿಂತಿದ್ದಾನೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕೂಡಲೇ ಏನೂ ಆಗಲಿಲ್ಲ. ಆಗಸ್ಟು ಹೋಯಿತು. ಹಾನಗಲ್ಲಿನಲ್ಲಿ ಆಡಳಿತ ಮಂಡಳಿಯ ಸಭೆಯಾಗಿ ಬೇರೆ ಇಬ್ಬರ ನೌಕರಿ ಕಾಯಂ ಆಯಿತು, ಪರಮೇಶಪ್ಪನದನ್ನು ಮುಂದಿನ ವರ್ಷ ನೋಡೋಣವೆಂದರು. ಕಾರಣ ಯಾರೂ ಹೇಳಲಿಲ್ಲ. ಬೆಂಗಳೂರಿನಿಂದ ಏನಾದರೂ ಸುದ್ದಿ ಬಂದಿತ್ತೋ, ಇಲ್ಲವೋ, ಅವನಿಗೆ ಕೊನೆಗೂ ತಿಳಿಯಲಿಲ್ಲ. ಗುತ್ತೆವ್ವ ನಾಲ್ಕು ದಿನ ಮಾತು ಬಿಟ್ಟಳು, ಆಮೇಲೆ ತಾನೇ ಮಾತಾಡಿಸಿದಳು. ಸೆಪ್ಟೆಂಬರಿನ ಕೊನೆಗೆ ಕಚೇರಿಯ ಆದೇಶ ಕಾಲೇಜಿಗೆ ಬಂತು. ಆರನೇ ಪ್ರಶ್ನೆಗೆ ಎರಡೂ ಉತ್ತರ ಒಪ್ಪಿ ಉತ್ತರಪತ್ರಿಕೆಗಳನ್ನು ಮತ್ತೆ ನೋಡಲಾಗಿದೆ ಎಂದು. ಹಾನಗಲ್ಲಿನಿಂದ ಒಬ್ಬಳೇ, ರಾಜ್ಯದಲ್ಲಿ ಬಹಳ ಮಂದಿ ಪಾಸಾಗಿದ್ದರು. ಪ್ರಶ್ನಪತ್ರಿಕೆ ತೆಗೆಯುವವರ ಪಟ್ಟಿಯಿಂದ ಪರಮೇಶಪ್ಪನ ಹೆಸರು ಹೊಡೆದುಹಾಕಿದ್ದನ್ನು ಬೇರೆಯಾಗಿ ತಿಳಿಸಿದ್ದರು.

ಸುದ್ದಿಯನ್ನು ತಾನೇ ಹೇಳಬೇಕೆಂದು ಅವನು ಅಬಲೂರಿಗೆ ಹೋದ. ಬಸ್ಸು ಇಳಿದು ವಿಚಾರಿಸಿದರೆ ಹೊಲದಲ್ಲಿದ್ದಾರೆಂದರು. ಶೇಂಗಾ ಕೀಳುವ ಕೆಲಸ ನಡೆದಿತ್ತು. ಸಾವಂತ್ರವ್ವ ಬದುವಿನ ಬಳಿ ಕುಳಿತು ಬಳ್ಳಿಯಿಂದ ಕಾಯಿ ಬಿಡಿಸುತ್ತಿದ್ದಳು. ಅವಳ ತಂದೆ ಮೈಲಾರಲಿಂಗಪ್ಪ ಮಾಸ್ತರರನ್ನು ಕಂಡು ತಲೆಯ ರುಮಾಲು ಬಿಚ್ಚಿ ಬದುವಿನ ಮೇಲೆ ಹಾಸಿ, ಕುಂತ್ರಿ ಸರ್ ಎಂದ.

ಪರಮೇಶಪ್ಪ ಕೂರದೆಯೇ ಹೇಳಿದ. ಪಾಸಾಗಿದ್ದೀ ಎಂದ. ಅವಳು ಕೈಯಲ್ಲಿದ್ದ ಬಳ್ಳಿ ಕೆಳಗಿಟ್ಟಳು. ಹಿರೇಕೆರೂರಿನ ಜಾಗ ಆಗಸ್ಟಿನಲ್ಲೇ ಬೇರೆಯವರಿಗೆ ಹೋಗಿತ್ತು, ಅದು ಮೂವರಿಗೂ ಗೊತ್ತಿತ್ತು. ಮೈಲಾರಲಿಂಗಪ್ಪ, ಹಾಗಾದರೆ ಮೊದಲು ತಪ್ಪು ಯಾರದಾಗಿತ್ತು, ತಿದ್ದಿದವರದೇನು ಎಂದು ಕೇಳಿದ.

"ತಿದ್ದಿದವ್ರದಲ್ಲ. ಪ್ರಶ್ನಿ ತಗದಾಂವಂದು. ನಂದು."

ಮೈಲಾರಲಿಂಗಪ್ಪನಿಗೆ ಅದು ಪೂರ್ತಿ ತಿಳಿಯಲಿಲ್ಲ. ಮಗಳ ಮುಖ ನೋಡಿದ. ಸಾವಂತ್ರವ್ವನಿಗೆ ತಿಳಿಯಿತು. ಅವಳು ಎದ್ದು ನಿಂತಳು, ಸೀರೆಯ ಮಣ್ಣು ಝಾಡಿಸಿಕೊಂಡಳು. ಏನು ಕೊಟ್ಟಿದ್ದರೆ ಪ್ರಶ್ನೆ ಸರಿಯಾಗುತ್ತಿತ್ತು ಎಂದು ಕೇಳಿದಳು. ಎರಡು ಸಾಲಿನಲ್ಲಿ ಒಂದು ಇನಾರ್ಡರ್ ಇದ್ದಿದ್ದರೆ ಸಾಕಿತ್ತು ಎಂದ. ಅವಳು ಅದನ್ನು ಮನಸ್ಸಿನಲ್ಲೇ ಬಿಡಿಸಿ ನೋಡಿದಳು.

"ಪಾಸ ಆಗೂದು ಆಮ್ಯಾಲಿನ ಮಾತ್ರಿ ಸರ್," ಅಂದಳು. "ನಾ ನಿಮ್ಮ ಮನಿಗೆ ಬಂದ ದಿವಸ ನಿಮಗ ತಿಳದಿತ್ತು. ನಿಮ್ಮ ಪೆನ್ನು ನಿಂತದ್ದ ನಾ ನೋಡೇನಿ, ಯಾಕ ನಿಂತಿತ್ತಂತ ಈಗ ತಿಳೀತು. ಎರಡೂ ಸರಿ ಐತಿ ಅಂತ ಅವತ್ತ ಒಂದ ಮಾತ ಹೇಳಿದ್ರ ಸಾಕಿತ್ತು. ಇಷ್ಟು ದಿನ ನನ್ನ ತಲಿಯಾಗ ಏನೂ ಇಲ್ಲ ಅಂತ ತಿಳಕೊಂಡ ಶೇಂಗಾ ಬಿಡಿಸಾಕತ್ತೇನಿ."

ಪರಮೇಶಪ್ಪನಿಗೆ ಬಸ್ಸು, ರೈಲು, ಕಾರಿಡಾರು, ಯಾವುದನ್ನೂ ಹೇಳಬೇಕೆನಿಸಲಿಲ್ಲ. ಎರಡು ದಿನ ಬಿಡು ಎಂದು ಕಳಿಸಿದವನು ತಾನು, ಆಮೇಲೆ ಒಂದು ಸಲವೂ ಅಬಲೂರಿನ ಬಸ್ಸು ಹತ್ತಿರಲಿಲ್ಲ. ಮೈಲಾರಲಿಂಗಪ್ಪ ಮಗಳನ್ನು ಗದರಿಸಲು ಹೋಗಿ, ಗದರಿಸದೆ, ತಂಬಿಗೆಯ ನೀರು ಮಾಸ್ತರರ ಕೈಗೆ ಕೊಟ್ಟ. ಅವನು ನಿಂತೇ ಕುಡಿದ. ಸಾವಂತ್ರವ್ವ ಮತ್ತೆ ಕುಳಿತು ಬಳ್ಳಿ ಎತ್ತಿಕೊಂಡಿದ್ದಳು. ಬರ್ತೇನಿ ಎಂದಾಗ ಹೂಂ ಎಂದಳು.

ಆಮೇಲೆ ಅವರಿಬ್ಬರೂ ಬಹಳ ದಿನ ಭೇಟಿಯಾಗಲಿಲ್ಲ. ಮುಂದಿನ ಬೇಸಿಗೆಗೆ ಶಿಗ್ಗಾವಿಯಲ್ಲಿ ಹೆಣ್ಣುಮಕ್ಕಳಿಗೆ ಟೈಪಿಂಗ್, ಕಂಪ್ಯೂಟರ್ ಕಲಿಸುವ ಕೇಂದ್ರವೊಂದು ಶುರುವಾಗಿ ಅಲ್ಲಿ ಸಾವಂತ್ರವ್ವನಿಗೆ ಕೆಲಸ ಸಿಕ್ಕಿತು. ಅದನ್ನು ಪರಮೇಶಪ್ಪನಿಗೆ ಹೇಳಿದವನು ಖಲಂದರ. ಅವಳು ಚೆನ್ನಾಗಿ ಕಲಿಸುತ್ತಾಳೆ, ಹುಡುಗಿಯರು ಯಾಕೆ ಎಂದು ಕೇಳಿದರೆ ಕೂತು ಬಿಡಿಸಿ ತೋರಿಸುತ್ತಾಳೆ ಎಂದ. ಖಲಂದರನ ತಂಗಿಯ ಮದುವೆ ಆಯಿತು. ಅದಾದ ಮೇಲೆ ಅವನು ಒಂದು ದಿನ ತಾನಾಗಿಯೇ ಆ ಮುಖ್ಯಸ್ಥರ ಬಳಿ ಹೋಗಿ, ನನಗೆ ಆಗಲೇ ಅನುಮಾನ ಬಂದಿತ್ತು, ನಿಮಗೆ ಹೇಳಿದ್ದೆ ಎಂದು ನೆನಪಿಸಿ ಬಂದನಂತೆ. ಅವರು ನೆನಪಿಲ್ಲ ಎಂದರಂತೆ.

ಪರಮೇಶಪ್ಪನ ನೌಕರಿ ಎರಡು ವರ್ಷ ತಡವಾಗಿ ಕಾಯಂ ಆಯಿತು. ತರಗತಿಯಲ್ಲಿ ಈಗ ಒಂಟಿ ಮಗುವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರೆಯುತ್ತಾನೆ. ಕಿರುಪರೀಕ್ಷೆಗೆ ಪ್ರಶ್ನೆ ತೆಗೆದಾಗ ಅದನ್ನು ಮಡಚಿಟ್ಟು, ಮರುದಿನ ಬೇರೆ ಯಾರೋ ತೆಗೆದದ್ದೆಂದು ತಿಳಿದು ಬಿಡಿಸುತ್ತಾನೆ. ಆದರೂ ಹುಡುಗರು ಬರೆಯುತ್ತಿರುವಾಗ ಅವನಿಗೆ ಕುರ್ಚಿಯಲ್ಲಿ ಕೂರಲಾಗುವುದಿಲ್ಲ. ಯಾರಾದರೂ ಬರೆದದ್ದನ್ನು ಹೊಡೆದುಹಾಕಿದರೆ ಪಕ್ಕಕ್ಕೆ ಹೋಗಿ ನಿಲ್ಲುತ್ತಾನೆ. ಹುಡುಗರು ಅದನ್ನು ಅನುಮಾನವೆಂದು ತಿಳಿದು ತೋಳಿನಿಂದ ಹಾಳೆ ಮುಚ್ಚಿಕೊಳ್ಳುತ್ತಾರೆ.

ಒಮ್ಮೆ ಸವಣೂರಿನಿಂದ ಬರುವಾಗ ತುಂಬಿದ ಬಸ್ಸಿನಲ್ಲಿ ಸಾವಂತ್ರವ್ವ ಕುಳಿತದ್ದು ಕಂಡಿತು. ಮಡಿಲಲ್ಲಿ ಚೀಲ, ಅದರ ಮೇಲೆ ವೀಳ್ಯದೆಲೆಯ ಪೆಂಡಿ. ಅವಳು ಅವನನ್ನು ನೋಡಿ ಸರಿದು ಜಾಗ ಮಾಡಿಕೊಟ್ಟಳು. ಅವನು ಕುಳಿತ. ಇಬ್ಬರೂ ಮಳೆಯ ಬಗ್ಗೆ, ರಸ್ತೆಯ ಬಗ್ಗೆ, ಅವಳ ತಂದೆಯ ಮೊಣಕಾಲು ನೋವಿನ ಬಗ್ಗೆ ಮಾತಾಡಿದರು. ಶಿಗ್ಗಾವಿಯಲ್ಲಿ ಅವಳು ಇಳಿದುಹೋದಳು.